ಆಫರ್ ಲೆಟರಿಗೆ ಉತ್ತರಿಸಲು ಮೂರು ದಿನ ಹೆಚ್ಚು ಬೇಕು: ಎಚ್‌ಆರ್‌ಗೆ ಏನೆಂದು ಬರೆಯಬೇಕು?

‘ಕೆಲಸ ಸಿಕ್ಕಿದೆ, ಸೋಮವಾರದೊಳಗೆ ಹೇಳಿ ಅಂತಾರೆ. ಇನ್ನೂ ಮೂರು ದಿನ ಕೇಳಿದರೆ ಕೊಟ್ಟದ್ದನ್ನೇ ವಾಪಸ್ ತಗೊಳ್ತಾರಾ?’ ಉಡುಪಿ, ಮಂಗಳೂರು ಕಡೆಯ ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದ ಉತ್ತರವನ್ನು ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ. ನಾನು ಹಲವು ವರ್ಷ ಮಂಗಳೂರಿನಲ್ಲಿ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದವಳು. ಇಂಥ ಸಂದೇಶಗಳು ಬಂದು ಬೀಳುವ ಮೇಜಿನ ಆಚೆ ಬದಿಯಲ್ಲಿ ಕೂತಿದ್ದವಳು.

ಉದಾಹರಣೆಗೆ ಒಂದೇ ಪ್ರಸಂಗವನ್ನು ಕೊನೆಯವರೆಗೆ ಹಿಡಿದುಕೊಳ್ಳೋಣ. ಉಡುಪಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗಿ. ಅವಳಿಗೆ ಜೂನ್ 12ರ ಗುರುವಾರ ಸಂಜೆ ಮಂಗಳೂರಿನ ಒಂದು ಕಂಪನಿಯಿಂದ ಆಫರ್ ಲೆಟರ್ ಬಂತು. 16ರ ಸೋಮವಾರ ಸಂಜೆಯೊಳಗೆ ಉತ್ತರ ಕೊಡಬೇಕು, ಸೆಪ್ಟೆಂಬರ್ 1ಕ್ಕೆ ಸೇರಬೇಕು. ಅವಳ ಮುಂದೆ ಎರಡು ವಿಷಯ ಇದ್ದವು. ಒಂದು, ದಿನಾ ಸುಮಾರು 60 ಕಿಲೋಮೀಟರ್ ಹೋಗಿ ಬರುವುದೋ, ಮಂಗಳೂರಿನಲ್ಲಿ ಪಿಜಿ ಹಿಡಿಯುವುದೋ ಎಂದು ಮನೆಯಲ್ಲಿ ತೀರ್ಮಾನವಾಗಬೇಕು. ಎರಡು, ಮಣಿಪಾಲದ ಇನ್ನೊಂದು ಕಡೆ ಕೊನೆಯ ಸಂದರ್ಶನ ಮುಗಿದಿದೆ, ‘ಬುಧವಾರ ತಿಳಿಸುತ್ತೇವೆ’ ಅಂದಿದ್ದಾರೆ.

1. ಮೊದಲು ಪತ್ರದಲ್ಲಿ ಮೂರು ಸಂಗತಿ ಹುಡುಕಿ

ಉತ್ತರ ಕೊಡಲು ಕೊನೆಯ ದಿನ ಯಾವುದು, ಉತ್ತರ ಎಲ್ಲಿ ಕೊಡಬೇಕು, ಸೇರುವ ದಿನ ಯಾವುದು. ಸಂಬಳದ ಪುಟವನ್ನು ಎಲ್ಲರೂ ಹತ್ತು ಸಲ ಓದುತ್ತಾರೆ, ಈ ಮೂರನ್ನು ಮಾತ್ರ ಕಣ್ಣು ದಾಟಿಸಿಬಿಡುತ್ತಾರೆ.

ಉತ್ತರ ಎಲ್ಲಿ ಕೊಡಬೇಕು ಎನ್ನುವುದಕ್ಕೆ ಎರಡು ಬಗೆ ಇದೆ. ಕೆಲವು ಕಂಪನಿಗಳಲ್ಲಿ ಸಹಿ ಮಾಡಿದ ಪ್ರತಿಯನ್ನು ಮೇಲ್ ಮಾಡಿದರೆ ಮುಗಿಯಿತು. ಇನ್ನು ಕೆಲವು ಕಡೆ ಅವರದೇ ಪೋರ್ಟಲ್ ಇರುತ್ತದೆ, ಮೇಲ್‌ನಲ್ಲಿ ಬಂದ ಲಿಂಕ್ ತೆರೆದು ಒಪ್ಪಿಗೆಯ ಗುಂಡಿ ಒತ್ತಬೇಕು. ಪೋರ್ಟಲ್ ಇದ್ದರೆ ಒಂದು ಅಪಾಯವಿದೆ, ಅದನ್ನು ಐದನೇ ಹಂತದಲ್ಲಿ ಹೇಳುತ್ತೇನೆ.

ಬಂದಿರುವುದು ನಿಜವಾಗಿ ಆಫರ್ ಲೆಟರೇ ಎಂದೂ ನೋಡಿಕೊಳ್ಳಿ. ಕೆಲವೊಮ್ಮೆ ಮೊದಲು ಬರುವುದು ಎಲ್‌ಒಐ, ಅಂದರೆ ‘ನಿಮ್ಮನ್ನು ತೆಗೆದುಕೊಳ್ಳುವ ಇರಾದೆ ಇದೆ’ ಎನ್ನುವ ಪತ್ರ. ಅದರಲ್ಲಿ ಸಂಬಳದ ವಿವರ, ನೋಟಿಸ್ ಅವಧಿ, ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎನ್ನುವ ಬಾಂಡ್ ಯಾವುದೂ ಇರಲಿಕ್ಕಿಲ್ಲ. ಹಾಗಿದ್ದರೆ ಸಮಯ ಕೇಳಲು ಬೇರೆ ಕಾರಣವೇ ಬೇಡ. ‘ಪೂರ್ತಿ ಷರತ್ತುಗಳಿರುವ ಪತ್ರ ಕೈಗೆ ಬಂದ ಎರಡು ದಿನದಲ್ಲಿ ಉತ್ತರಿಸುತ್ತೇನೆ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕಾಲೇಜಿನ ಕ್ಯಾಂಪಸ್ ಆಯ್ಕೆಯಲ್ಲಿ ಬಂದ ಕೆಲಸವಾದರೆ ನೇರವಾಗಿ ಕಂಪನಿಗೆ ಬರೆಯಬೇಡಿ. ಮೊದಲು ನಿಮ್ಮ ಪ್ಲೇಸ್‌ಮೆಂಟ್ ಅಧಿಕಾರಿಯ ಹತ್ತಿರ ಹೋಗಿ. ಅಲ್ಲಿ ಕಾಲೇಜಿನ ನಿಯಮ ನಡೆಯುತ್ತದೆ, ಈ ಲೇಖನ ಅಲ್ಲಿಗೆ ಹೊಂದುವುದಿಲ್ಲ.

2. ಪತ್ರ ಬಂದ ದಿನವೇ ‘ತಲುಪಿದೆ’ ಎನ್ನಿ, ‘ಆಯ್ತು’ ಎನ್ನಬೇಡಿ

ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲಿ. ಎಚ್‌ಆರ್ ಫೋನ್ ಮಾಡಿ, ‘ಲೆಟರ್ ಕಳಿಸಿದ್ದೇನೆ, ಸೋಮವಾರದೊಳಗೆ ಸಹಿ ಮಾಡಿ ಕಳಿಸಿ’ ಎನ್ನುತ್ತಾರೆ. ನಾವು ಅಭ್ಯಾಸಬಲದಿಂದ ‘ಆಯ್ತು ಮೇಡಂ’ ಎನ್ನುತ್ತೇವೆ, ಮಾತು ತುಳುವಿನಲ್ಲಿ ನಡೆದಿದ್ದರೆ ‘ಆವು’. ನಮ್ಮ ಮನಸ್ಸಿನಲ್ಲಿ ಅದರ ಅರ್ಥ ‘ನೀವು ಹೇಳಿದ್ದು ಕೇಳಿಸಿತು’ ಎಂದು. ಕೇಳಿದವರಿಗೆ ಅದು ‘ಒಪ್ಪಿದೆ’. ಅವರು ತಮ್ಮ ಹಾಳೆಯಲ್ಲಿ ನಿಮ್ಮ ಹೆಸರಿನ ಮುಂದೆ ‘ಒಪ್ಪಿದ್ದಾರೆ’ ಎಂದು ಗುರುತು ಹಾಕಿ, ಮೇಲಿನವರಿಗೂ ತಿಳಿಸಿರುತ್ತಾರೆ. ಮೂರು ದಿನ ಬಿಟ್ಟು ನೀವು ಸಮಯ ಕೇಳಿದರೆ ಅವರಿಗೆ ಅದು ಮಾತು ತಪ್ಪಿದಂತೆ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಒತ್ತುವ ಹೆಬ್ಬೆರಳಿನ ಚಿಹ್ನೆಯೂ ಇದೇ ತೊಂದರೆ ತರುತ್ತದೆ.

ಇಷ್ಟು ಬರೆದರೆ ಸಾಕು: ‘ಪತ್ರ ತಲುಪಿತು, ಧನ್ಯವಾದ. ಪೂರ್ತಿ ಓದಿ ನಾಳೆ ಬರೆಯುತ್ತೇನೆ.’ ನಮ್ಮ ಹುಡುಗಿ ಗುರುವಾರ ರಾತ್ರಿ ಕಳಿಸಿದ್ದು ಇದನ್ನೇ.

3. ಎಷ್ಟು ದಿನ ಬೇಕೆಂದು ಕೇಳುವ ಮೊದಲೇ ಲೆಕ್ಕ ಹಾಕಿ

‘ಸ್ವಲ್ಪ ಸಮಯ’ ಎನ್ನುವುದು ಲೆಕ್ಕಕ್ಕೆ ಸಿಗುವುದಿಲ್ಲ. ಎಚ್‌ಆರ್ ಅದನ್ನು ಮೇಲಿನವರ ಮುಂದಿಡಲಾರರು. ಅವರಿಗೆ ಬೇಕಾದದ್ದು ಒಂದು ತಾರೀಕು, ಒಂದು ಗಂಟೆ.

ತಾರೀಕನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ. ನೀವು ಕಾಯುತ್ತಿರುವ ಸಂಗತಿ ಯಾವ ದಿನ ಮುಗಿಯುತ್ತದೆ? ಅದಕ್ಕೆ ಒಂದು ದಿನ ಸೇರಿಸಿ. ನಮ್ಮ ಹುಡುಗಿಗೆ ಮಣಿಪಾಲದಿಂದ ಬುಧವಾರ ಉತ್ತರ ಬರಬೇಕು. ಹಾಗಾಗಿ ಅವಳು ಕೇಳಬೇಕಾದದ್ದು 19ರ ಗುರುವಾರ ಸಂಜೆ 5 ಗಂಟೆ. ಮೂಲ ಗಡುವಿನಿಂದ ಮೂರು ಕೆಲಸದ ದಿನ. ನನ್ನ ಅನುಭವದಲ್ಲಿ ಎರಡರಿಂದ ಐದು ಕೆಲಸದ ದಿನದೊಳಗಿನ ಕೋರಿಕೆಗೆ ಹೆಚ್ಚಿನ ಕಡೆ ಬಾಗಿಲು ತೆರೆದಿರುತ್ತದೆ. ವಾರ ದಾಟಿತು ಎಂದರೆ ಪ್ರಶ್ನೆಗಳು ಶುರುವಾಗುತ್ತವೆ.

ಇದಕ್ಕೆ ಕಾರಣವಿದೆ. ನಿಮಗೆ ಆಫರ್ ಕಳಿಸಿದಾಗ ಎರಡನೇ ಸ್ಥಾನದಲ್ಲಿದ್ದ ಅಭ್ಯರ್ಥಿಗೆ ಸಾಮಾನ್ಯವಾಗಿ ಇನ್ನೂ ‘ಇಲ್ಲ’ ಎಂದು ಹೇಳಿರುವುದಿಲ್ಲ. ನೀವು ಒಪ್ಪುವವರೆಗೆ ಅವರನ್ನು ಕಾಯಿಸುತ್ತಾರೆ. ದಿನ ಹೋದಂತೆ ಅವರು ಬೇರೆ ಕಡೆ ಸೇರಿಬಿಟ್ಟರೆ, ಆಮೇಲೆ ನೀವೂ ‘ಬೇಡ’ ಎಂದರೆ, ಎಚ್‌ಆರ್ ಮತ್ತೆ ಮೊದಲಿನಿಂದ ಹುಡುಕಬೇಕು. ಅವರ ಆತಂಕ ನಿಮ್ಮ ಮೂರು ದಿನದ ಬಗ್ಗೆ ಅಲ್ಲ, ಈ ಎರಡನೆಯವರು ಕೈತಪ್ಪುವುದರ ಬಗ್ಗೆ.

ಅವರ ಇನ್ನೊಂದು ಚಿಂತೆ ನೀವು ಸೇರುವ ದಿನ. ನೀವು ತಡವಾಗಿ ಒಪ್ಪಿದರೆ ತಡವಾಗಿ ರಾಜೀನಾಮೆ ಕೊಡುತ್ತೀರಿ, ತಡವಾಗಿ ಬರುತ್ತೀರಿ. ಆದ್ದರಿಂದ ಕೇಳುವ ಮೊದಲೇ ನೋಟಿಸ್ ಅವಧಿ ಎಣಿಸಿಡಿ. ನೋಟಿಸ್ ಅವಧಿ ಎಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಚೇರಿಯಲ್ಲಿ ಕೆಲಸ ಮಾಡಬೇಕಾದ ದಿನಗಳು. ನಮ್ಮ ಹುಡುಗಿಗೆ ಅದು 60 ದಿನ. ಗುರುವಾರ ಒಪ್ಪಿ ಜೂನ್ 20ರ ಶುಕ್ರವಾರ ರಾಜೀನಾಮೆ ಕೊಟ್ಟರೆ, ಆ ದಿನವನ್ನೂ ಸೇರಿಸಿ ಎಣಿಸಿದಾಗ, 60ನೇ ದಿನ ಆಗಸ್ಟ್ 18. ಸೇರಬೇಕಾದದ್ದು ಸೆಪ್ಟೆಂಬರ್ 1. ನಡುವೆ ಸುಮಾರು ಎರಡು ವಾರ ಉಳಿಯುತ್ತದೆ. ಇದನ್ನು ಎಣಿಸಿದ್ದರಿಂದಲೇ ಅವಳು ‘ಸೇರುವ ದಿನ ಬದಲಾಗುವುದಿಲ್ಲ’ ಎಂದು ಧೈರ್ಯವಾಗಿ ಬರೆಯಬಹುದು. ನಿಮ್ಮ ಲೆಕ್ಕದಲ್ಲಿ ದಿನ ಸಾಲದಿದ್ದರೆ ಆ ಸಾಲನ್ನು ಬರೆಯಬೇಡಿ.

ಇಲ್ಲಿ ನಮ್ಮ ಕರಾವಳಿಯದೇ ಒಂದು ಮಾತು. ಮನೆಯ ಹಿರಿಯರು ‘ಆಟಿ ತಿಂಗಳಲ್ಲಿ ಹೊಸ ಕೆಲಸಕ್ಕೆ ಹೋಗುವುದು ಬೇಡ, ಸೋಣ ಬರಲಿ’ ಎನ್ನುವುದುಂಟು. ಅದು ಸೇರುವ ದಿನದ ವಿಷಯ, ಉತ್ತರ ಕೊಡುವ ದಿನದ್ದಲ್ಲ. ಎರಡನ್ನೂ ಒಂದೇ ಸಂದೇಶದಲ್ಲಿ ಕಲಸಿದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತ ಎಚ್‌ಆರ್‌ಗೆ ನೀವು ತಿಂಗಳುಗಟ್ಟಲೆ ಸಮಯ ಕೇಳಿದಂತೆ ಕೇಳಿಸುತ್ತದೆ. ಒಪ್ಪಿಕೊಳ್ಳುವ ದಿನ ಬಂದಾಗ ಸೇರುವ ದಿನದ ಮಾತು ಎತ್ತಿ. ‘ಅಷ್ಟಮಿ ಕಳೆದ ಮೇಲೆ’, ‘ತೆನೆಹಬ್ಬ ಮುಗಿದ ಮೇಲೆ’ ಎಂದೂ ಬರೆಯಬೇಡಿ. ಅವರ ಕ್ಯಾಲೆಂಡರಿನಲ್ಲಿ ಆ ರಜೆ ಇರಲಾರದು, ತಾರೀಕನ್ನೇ ಬರೆಯಿರಿ.

4. ಸಂದೇಶ ಬರೆಯುವುದು

ಕಳಿಸುವ ಹೊತ್ತು ಮುಖ್ಯ. ಗಡುವಿಗೆ ಕನಿಷ್ಠ ಒಂದು ಪೂರ್ತಿ ಕೆಲಸದ ದಿನ ಉಳಿದಿರಬೇಕು, ಬೆಳಗಿನ ಕಚೇರಿ ವೇಳೆಯಾದರೆ ಇನ್ನೂ ಒಳ್ಳೆಯದು. ಎಚ್‌ಆರ್ ಒಬ್ಬರೇ ಹೂಂ ಎನ್ನಲಾಗದು, ನಿಮ್ಮನ್ನು ಆರಿಸಿದ ವಿಭಾಗದ ಮುಖ್ಯಸ್ಥರನ್ನು ಕೇಳಬೇಕಾಗುತ್ತದೆ. ಗಡುವು ಸೋಮವಾರವಾದರೆ ಭಾನುವಾರ ರಾತ್ರಿ ಕಳಿಸಬೇಡಿ. ನಮ್ಮ ಹುಡುಗಿ ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಕಳಿಸಿದ್ದು ಹೀಗೆ:

> ನಮಸ್ಕಾರ ಮೇಡಂ. ನಿನ್ನೆ ಕಳಿಸಿದ ಆಫರ್ ಲೆಟರ್ ಪೂರ್ತಿ ಓದಿದೆ, ಧನ್ಯವಾದ. ಈ ಕೆಲಸದಲ್ಲಿ ನನಗೆ ತುಂಬಾ ಆಸಕ್ತಿ ಇದೆ. ಉಡುಪಿಯಿಂದ ಮಂಗಳೂರಿಗೆ ಬಂದು ಇರುವ ವಿಷಯ ಮನೆಯಲ್ಲಿ ಮಾತಾಡಿ ತೀರ್ಮಾನಿಸಬೇಕಾಗಿದೆ. ಉತ್ತರ ಕೊಡಲು ಜೂನ್ 16ರ ಬದಲು 19ರ ಗುರುವಾರ ಸಂಜೆ 5 ಗಂಟೆಯವರೆಗೆ ಸಮಯ ಕೊಡಲು ಸಾಧ್ಯವೇ? ನಾನು ಒಪ್ಪಿದರೆ ಸೆಪ್ಟೆಂಬರ್ 1ಕ್ಕೇ ಸೇರುತ್ತೇನೆ, ಅದರಲ್ಲಿ ಬದಲಾವಣೆ ಇಲ್ಲ. ಆಗಬಹುದಾದರೆ ಮೇಲ್‌ನಲ್ಲಿ ಒಂದು ಸಾಲು ತಿಳಿಸಿ.

ಎಚ್‌ಆರ್ ನಿಮಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೆ ನೀವೂ ಇಂಗ್ಲಿಷಿನಲ್ಲೇ ಬರೆಯಿರಿ, ಸಾಲುಗಳ ಕ್ರಮ ಮಾತ್ರ ಇದೇ ಇರಲಿ. ಮೊದಲು ಧನ್ಯವಾದ ಮತ್ತು ಆಸಕ್ತಿ, ಆಮೇಲೆ ಒಂದೇ ಕಾರಣ, ಆಮೇಲೆ ತಾರೀಕು, ಆಮೇಲೆ ಸೇರುವ ದಿನದ ಭರವಸೆ, ಕೊನೆಗೆ ಲಿಖಿತ ಉತ್ತರದ ಕೋರಿಕೆ. ‘ನಾನು ಒಪ್ಪಿದರೆ’ ಎನ್ನುವ ಎರಡು ಪದ ಬಿಟ್ಟುಹೋಗದಂತೆ ನೋಡಿ. ಅವಿಲ್ಲದಿದ್ದರೆ ಸಂದೇಶವೇ ಒಪ್ಪಿಗೆಯಾಗಿ ಓದಿಸಿಕೊಳ್ಳುತ್ತದೆ.

ಕಾರಣದ ವಿಷಯದಲ್ಲಿ ಓದುಗರು ಹೆಚ್ಚು ಗೊಂದಲಪಡುತ್ತಾರೆ. ಅವಳಿಗೆ ಎರಡು ನಿಜವಾದ ಕಾರಣಗಳಿದ್ದವು, ಒಂದನ್ನೇ ಬರೆದಳು. ಅದು ಸುಳ್ಳಲ್ಲ. ಇನ್ನೊಂದು ಕಡೆಯ ಸಂದರ್ಶನದ ಸಂಗತಿ ಕೇಳದೆ ಹೇಳಬೇಕಾಗಿಲ್ಲ. ಆದರೆ ಎಚ್‌ಆರ್ ನೇರವಾಗಿ ‘ಬೇರೆ ಎಲ್ಲಾದರೂ ನೋಡುತ್ತಿದ್ದೀರಾ?’ ಎಂದು ಕೇಳಿದರೆ ಮುಚ್ಚಿಡಬೇಡಿ. ‘ಒಂದು ಕಡೆ ಕೊನೆಯ ಹಂತದಲ್ಲಿದೆ, ಬುಧವಾರ ತಿಳಿಯುತ್ತದೆ’ ಎಂದರೆ ಸಾಕು, ಕಂಪನಿಯ ಹೆಸರು ಹೇಳಬೇಕಿಲ್ಲ. ಇಲ್ಲದ ಆಫರನ್ನು ಮಾತ್ರ ಎಂದೂ ಇದೆ ಎನ್ನಬೇಡಿ. ‘ಹಾಗಾದರೆ ಆ ಪತ್ರದ ಪ್ರತಿ ಕಳಿಸಿ’ ಎಂದು ಕೇಳುವ ಎಚ್‌ಆರ್‌ಗಳು ನಮ್ಮಲ್ಲಿ ಬಹಳ ಜನ ಇದ್ದಾರೆ. ಅಜ್ಜಿಗೆ ಹುಷಾರಿಲ್ಲ, ಮನೆಯಲ್ಲಿ ಸೂತಕ ಎಂದು ಕಟ್ಟಿದ ಕಥೆಗಳೂ ಬೇಡ. ಸೇರಿದ ಮೇಲೆ ಅದೇ ಜನರ ಪಕ್ಕದಲ್ಲಿ ಕೂತು ಊಟ ಮಾಡುವವರು ನೀವು.

ಇದೇ ಸಂದೇಶದಲ್ಲಿ ಸಂಬಳ ಏರಿಸಲು ಕೇಳುವುದು ಎರಡನೇ ದೊಡ್ಡ ತಪ್ಪು. ಸಮಯದ ಕೋರಿಕೆ ಎಚ್‌ಆರ್ ಒಂದು ಫೋನ್ ಮಾಡಿ ಮುಗಿಸುವ ಕೆಲಸ. ಸಂಬಳದ್ದು ಹಣಕಾಸಿನವರ ಮೇಜಿಗೆ ಹೋಗುತ್ತದೆ. ಎರಡೂ ಸೇರಿದರೆ ಸುಲಭದ್ದೂ ಕಷ್ಟದ್ದರ ಜೊತೆ ಸಿಕ್ಕಿಬೀಳುತ್ತದೆ. ಸಂಬಳದ ಮಾತು ಆಡುವುದೇ ಇದ್ದರೆ, ಹೆಚ್ಚುವರಿ ದಿನ ಸಿಕ್ಕಿದ ಮೇಲೆ ಆ ದಿನಗಳೊಳಗೆ ಆಡಿ.

ಕನ್ಸಲ್ಟೆನ್ಸಿ ಮೂಲಕ ಬಂದ ಕೆಲಸವಾದರೆ, ಅಂದರೆ ಕಂಪನಿಗೆ ಜನ ಹುಡುಕಿಕೊಡುವ ಮಧ್ಯವರ್ತಿ ಇದ್ದರೆ, ಅವರಿಗೆ ಹಣ ಸಿಗುವುದು ನೀವು ಸೇರಿದ ಮೇಲೆ ಎಂಬುದು ನೆನಪಿರಲಿ. ‘ಸಮಯ ಕೇಳಿದರೆ ಆಫರ್ ಹೋಗುತ್ತದೆ’ ಎಂದು ಅವರು ಅವಸರ ಮಾಡುವುದುಂಟು. ಸಂದೇಶವನ್ನು ಅವರಿಗೇ ಕಳಿಸಿ, ಆದರೆ ಮೇಲ್‌ನಲ್ಲಿ ಕಳಿಸಿ. ಕಂಪನಿಯವರ ವಿಳಾಸ ನಿಮ್ಮ ಬಳಿ ಇದ್ದರೆ ಪ್ರತಿಯನ್ನು ಅವರಿಗೂ ಹಾಕಿ.

5. ‘ಸರಿ’ ಎಂಬ ಉತ್ತರ ಬರಹದಲ್ಲಿ ಬರಲಿ

ಇಲ್ಲಿ ಕಾನೂನಿನ ಎರಡು ಸಂಗತಿ ಗೊತ್ತಿರಬೇಕು. 1872ರ ಭಾರತೀಯ ಒಪ್ಪಂದ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಒಪ್ಪಲು ಕೊಟ್ಟ ಗಡುವು ಮುಗಿದರೆ ಆಫರ್ ತಾನಾಗಿ ಬಿದ್ದುಹೋಗುತ್ತದೆ. ಕಂಪನಿ ‘ಹಿಂದೆ ತೆಗೆದುಕೊಂಡೆವು’ ಎಂದು ಬೇರೆ ಹೇಳಬೇಕಾಗಿಲ್ಲ. 5ನೇ ಸೆಕ್ಷನ್ ಪ್ರಕಾರ, ನೀವು ಒಪ್ಪಿಗೆ ಕಳಿಸುವವರೆಗೆ ಅವರು ಆಫರನ್ನು ವಾಪಸ್ ಪಡೆಯಲೂಬಹುದು. ಮರ್ಯಾದೆಯಿಂದ ಮೂರು ದಿನ ಕೇಳಿದ್ದಕ್ಕೆ ವಾಪಸ್ ಪಡೆದದ್ದನ್ನು ನಾನು ಕೆಲಸದಲ್ಲಿದ್ದಾಗ ಕಂಡಿಲ್ಲ. ಗಡುವು ಮೀರಿ ಸುಮ್ಮನಿದ್ದವರ ಜಾಗಕ್ಕೆ ಎರಡನೆಯವರನ್ನು ಕರೆದದ್ದನ್ನು ಹಲವು ಸಲ ಕಂಡಿದ್ದೇನೆ.

ಹಾಗಾಗಿ ಸಂದೇಶಕ್ಕೆ ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಅದೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಫೋನ್ ಮಾಡಿ. ಫೋನಿನಲ್ಲಿ ‘ಸರಿ, ತೊಂದರೆ ಇಲ್ಲ’ ಎಂದರೆ ಮಾತು ಮುಗಿಸಿದ ಕೂಡಲೇ ನೀವೇ ಮೇಲ್ ಹಾಕಿ: ‘ಈಗ ಮಾತಾಡಿದಂತೆ 19ರ ಸಂಜೆ 5ರೊಳಗೆ ಉತ್ತರಿಸುತ್ತೇನೆ, ಧನ್ಯವಾದ.’

ಪೋರ್ಟಲಿನ ಅಪಾಯ ಇಲ್ಲಿದೆ. ಎಚ್‌ಆರ್ ಒಪ್ಪಿದರೂ ಲಿಂಕಿಗೆ ಅದು ಗೊತ್ತಿಲ್ಲ. ಹಳೆಯ ಗಡುವು ಬಂದಾಗ ಅದು ಮುಚ್ಚಿಕೊಳ್ಳಬಹುದು. ಆಮೇಲೆ ಹೊಸ ಪತ್ರ ಹೊರಡಿಸಲು ಮತ್ತೆ ಅನುಮತಿ ಬೇಕು ಎಂದು ದಿನ ತಳ್ಳುತ್ತಾರೆ. ಒಪ್ಪಿಗೆ ಸಿಕ್ಕ ಕೂಡಲೇ ಲಿಂಕ್ ತೆರೆದು ಯಾವ ತಾರೀಕು ತೋರಿಸುತ್ತಿದೆ ಎಂದು ನೋಡಿ, ಹಳೆಯದೇ ಇದ್ದರೆ ಬದಲಿಸಲು ಕೇಳಿ.

6. ಕೇಳಿದಷ್ಟು ಸಿಗದಿದ್ದರೆ

ನಮ್ಮ ಹುಡುಗಿಗೆ ಶುಕ್ರವಾರ ಸಂಜೆ ಉತ್ತರ ಬಂತು: ‘ಗುರುವಾರ ಕಷ್ಟ. 18ರ ಬುಧವಾರ ಮಧ್ಯಾಹ್ನ 12ರವರೆಗೆ ಕೊಡಬಹುದು.’ ಹೀಗೆ ಅರ್ಧ ಸಿಕ್ಕಾಗ ಮತ್ತೆ ಚೌಕಾಸಿ ಮಾಡಬೇಡಿ. ಅವರು ಒಳಗೆ ಕೇಳಿ ತಂದ ದಿನ ಅದು. ಅವಳು ‘ಧನ್ಯವಾದ, ಬುಧವಾರ 12ರೊಳಗೆ ಖಂಡಿತ ಉತ್ತರಿಸುತ್ತೇನೆ’ ಎಂದು ಬರೆದು, ಲಿಂಕಿನ ತಾರೀಕು ಇನ್ನೂ 16 ತೋರಿಸುತ್ತಿದೆ ಎಂದೂ ಸೇರಿಸಿದಳು. ಶನಿವಾರ ಹೊಸ ಲಿಂಕ್ ಬಂತು.

ಆಮೇಲೆ ಮಾಡಬೇಕಾದದ್ದು ಇನ್ನೊಂದು ಕಡೆ. ಕೈಯಲ್ಲಿ ಗಡುವಿದ್ದರೆ ಮಣಿಪಾಲದವರನ್ನು ಕೇಳಲು ನಿಮಗೊಂದು ಆಧಾರ ಸಿಕ್ಕಿತು. ಸೋಮವಾರ ಬೆಳಿಗ್ಗೆ ಅವಳು ಅವರಿಗೆ ಬರೆದಳು: ‘ನನಗೆ ಇನ್ನೊಂದು ಆಫರ್ ಬಂದಿದೆ, ಬುಧವಾರ ಬೆಳಿಗ್ಗೆಯೊಳಗೆ ತೀರ್ಮಾನಿಸಬೇಕು. ನಿಮ್ಮ ನಿರ್ಧಾರ ಮಂಗಳವಾರ ಸಂಜೆಗೆ ತಿಳಿಯಬಹುದೇ?’ ಎಷ್ಟೋ ಜನ ಆಫರ್ ಕೊಟ್ಟವರ ಹತ್ತಿರ ಮಾತ್ರ ಸಮಯ ಕೇಳುತ್ತಾರೆ, ಕೊಡದವರನ್ನು ಬೇಗ ಹೇಳಿ ಎಂದು ಕೇಳಲು ಮುಜುಗರಪಡುತ್ತಾರೆ. ಕೇಳಬೇಕು.

‘ಸಮಯ ಕೊಡಲು ಆಗುವುದೇ ಇಲ್ಲ’ ಎಂದರೆ ಮೂಲ ಗಡುವೇ ನಿಮ್ಮ ಗಡುವು, ಇದ್ದ ಮಾಹಿತಿಯಲ್ಲೇ ತೀರ್ಮಾನಿಸಬೇಕು. ಸುಮ್ಮನೆ ಸಹಿ ಹಾಕಿಟ್ಟು, ಆಮೇಲೆ ಬಿಟ್ಟರಾಯಿತು ಎನ್ನುವ ಸಲಹೆ ಗೆಳೆಯರಿಂದ ಬಂದೇ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಎರಡನೇ ಅಭ್ಯರ್ಥಿಯನ್ನು ಆ ಸಹಿ ನೋಡಿಯೇ ಕಳಿಸಿಬಿಡುತ್ತಾರೆ. ಮಂಗಳೂರು, ಉಡುಪಿಯ ಎಚ್‌ಆರ್‌ಗಳು ಒಬ್ಬರಿಗೊಬ್ಬರು ಗೊತ್ತಿರುವವರು ಕೂಡ. ‘ಒಪ್ಪಿದೆ, ಆದರೆ ಬಾಂಡ್ ತೆಗೆಯಬೇಕು’ ಎಂಬಂಥ ಅರ್ಧ ಒಪ್ಪಿಗೆಯನ್ನೂ ಬರೆಯಬೇಡಿ. ಅದೇ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಷರತ್ತು ಹಾಕಿದ ಒಪ್ಪಿಗೆ ಒಪ್ಪಿಗೆಯಾಗುವುದಿಲ್ಲ.

7. ಕೊಟ್ಟ ಮಾತಿನ ಗಂಟೆಗೆ ಮೊದಲೇ ಉತ್ತರಿಸಿ

ಎರಡನೇ ಸಲ ಸಮಯ ಕೇಳಬಾರದು ಎನ್ನುವುದು ನನ್ನ ಅಭಿಪ್ರಾಯ. ಮೊದಲನೆಯದನ್ನು ಅವರು ನಂಬಿಕೆಯಿಂದ ಕೊಟ್ಟಿರುತ್ತಾರೆ. ಕಾಯುತ್ತಿದ್ದ ಸುದ್ದಿ ಬಾರದಿದ್ದರೂ ಆ ಗಂಟೆಗೆ ಹೌದು ಅಥವಾ ಇಲ್ಲ ಎನ್ನಿ. ಆ ತನಕ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಒಪ್ಪಿಗೆ ತಲುಪಿದೆ ಎಂದು ಕಂಪನಿಯಿಂದ ಬರಹದಲ್ಲಿ ಬಂದ ಮೇಲೆ ಕೊಡಿ.

ಮಂಗಳವಾರ ಮಣಿಪಾಲದಿಂದ ‘ಶುಕ್ರವಾರಕ್ಕೆ ಮೊದಲು ಹೇಳಲಾಗದು’ ಎಂದು ಬಂತು. ಅಷ್ಟರಲ್ಲಿ ಮನೆಯಲ್ಲಿ ಮಾತು ಮುಗಿದಿತ್ತು: ಮಳೆಗಾಲ ಕಳೆಯುವವರೆಗೆ ಮಂಗಳೂರಿನಲ್ಲಿ ಪಿಜಿ, ಆಮೇಲೆ ಬಸ್ಸು. ಬುಧವಾರ ಬೆಳಿಗ್ಗೆ 11ಕ್ಕೆ ಅವಳು ಗುಂಡಿ ಒತ್ತಿ, ‘ಒಪ್ಪಿಕೊಂಡಿದ್ದೇನೆ, ಸೆಪ್ಟೆಂಬರ್ 1ಕ್ಕೆ ಬರುತ್ತೇನೆ, ಸಮಯ ಕೊಟ್ಟಿದ್ದಕ್ಕೆ ಧನ್ಯವಾದ’ ಎಂದು ಮೇಲ್ ಕಳಿಸಿದಳು. ಮಧ್ಯಾಹ್ನ ಎಚ್‌ಆರ್‌ರಿಂದ ‘ತಲುಪಿದೆ’ ಎಂಬ ಉತ್ತರ ಬಂತು. ಸಂಜೆ ಹಳೆಯ ಕಚೇರಿಗೆ ರಾಜೀನಾಮೆ ಕೊಟ್ಟಳು, ಅವಳ 60ನೇ ದಿನ ಆಗಸ್ಟ್ 16ಕ್ಕೆ ಬಿತ್ತು. ಆಮೇಲೆ ಮಣಿಪಾಲದವರಿಗೂ ಎರಡು ಸಾಲು ಬರೆದಳು: ‘ಬೇರೆ ಕಡೆ ಒಪ್ಪಿಕೊಂಡಿದ್ದೇನೆ, ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.’ ಅಲ್ಲಿಯೂ ಯಾರೋ ಎರಡನೆಯವರು ಕಾಯುತ್ತಿರುತ್ತಾರೆ.